ತಪ್ಪಿ ಅಳಿದ ದರಪಟ್ಟಿ ಮರಳಿ ಬಂದ ಬಗೆ

ಜವಳಿ ಅಂಗಡಿಯೊಂದರ ಕಡತಗಳು ಅಮೆಜಾನ್ ಎಸ್3 ಕ್ಲೌಡ್‌ನ ಒಂದು ಬಕೆಟ್‌ನಲ್ಲಿವೆ ಎಂದುಕೊಳ್ಳಿ. ರಾತ್ರಿ ಹತ್ತಕ್ಕೆ ಅವು ಇನ್ನೊಂದು ಬಕೆಟ್‌ಗೆ ನಕಲಾಗುತ್ತವೆ:

```
aws s3 sync s3://angadi-mula s3://angadi-nakalu
```

ಗಾತ್ರ ಬೇರೆಯಾಗಿದ್ದರೆ ಅಥವಾ ಮೂಲದ ಕಡತ ಹೊಸದಾಗಿದ್ದರೆ ಈ ಆದೇಶ ಅದನ್ನು ನಕಲಿಸುತ್ತದೆ. ಒಳಗೇನಿದೆ ಎಂದು ನೋಡುವುದಿಲ್ಲ. ಸಂಜೆ ಗುಮಾಸ್ತ ದರಪಟ್ಟಿಯ ಜಾಗದಲ್ಲಿ ಖಾಲಿ ಹಾಳೆ ಉಳಿಸಿದರೆ, ಹತ್ತಕ್ಕೆ ನಕಲೂ ಖಾಲಿ!

ನಕಲು ಬಕೆಟ್‌ನಲ್ಲಿ ಮೊದಲೇ ವರ್ಷನಿಂಗ್ ಚಾಲೂ ಮಾಡಿದ್ದರೆ ಹಳೆಯ ಪಟ್ಟಿ ಅಳಿಯುವುದಿಲ್ಲ, ಹೊಸದರ ಹಿಂದೆ ತನ್ನದೇ ಗುರುತಿನ ಸಂಖ್ಯೆಯೊಂದಿಗೆ ಉಳಿದಿರುತ್ತದೆ. ಪರದೆಯಲ್ಲಿ `Show versions` ಒತ್ತಿದರೆ ಎರಡೂ ಕಾಣುತ್ತವೆ. ಕೆಲವೇ ಬೈಟ್‌ಗಳದ್ದು ಖಾಲಿ ಹಾಳೆ, ದೊಡ್ಡದು ಅಸಲಿ ಪಟ್ಟಿ. ಅದನ್ನು ಇಳಿಸಿಕೊಂಡು ಮತ್ತೆ ಏರಿಸಬೇಕು.

ಎಡವುವುದು ಇಲ್ಲೇ. ನಕಲನ್ನಷ್ಟೇ ಸರಿಪಡಿಸಿದರೆ ಗಾತ್ರ ಹೊಂದದೆ, ಮರುರಾತ್ರಿ ಖಾಲಿ ಹಾಳೆಯೇ ಮತ್ತೆ ಬಂದು ಕೂರುತ್ತದೆ. ಆದ್ದರಿಂದ ಅಸಲಿ ಪಟ್ಟಿಯನ್ನು ಮೊದಲು ಮೂಲ ಬಕೆಟ್‌ಗೇ ಏರಿಸಬೇಕು.

ಪ್ರತಿ ಆವೃತ್ತಿಗೂ ಪೂರ್ತಿ ಗಾತ್ರದ ಬಾಡಿಗೆ ಬೀಳುತ್ತದೆ. ಹಳೆಯ ಆವೃತ್ತಿಗಳು 30 ದಿನಗಳ ನಂತರ ತಾವಾಗಿಯೇ ಅಳಿಯುವಂತೆ ಲೈಫ್‌ಸೈಕಲ್ ನಿಯಮ ಹಾಕಬಹುದು. ಆಗ ತಪ್ಪನ್ನು ಪತ್ತೆಹಚ್ಚಲು ಸಿಗುವ ಗಡುವೂ ಅಷ್ಟೇ.