ಕಾರಿನ ತೆರೆಗೆ ಒತ್ತಕ್ಷರ ಬಾರದು

ಈಗಿನ ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ನಡುವೆ ಒಂದು ಟಚ್ ಸ್ಕ್ರೀನ್, ಸ್ಟೀರಿಂಗ್ ಹಿಂದೆ ವೇಗ, ಮೈಲೇಜ್ ತೋರಿಸುವ ಇನ್ನೊಂದು ಸಣ್ಣ ತೆರೆ ಇರುತ್ತದೆ. ನೋಡುವವರಿಗೆ ಎರಡೂ ಒಂದೇ. ಒಳಗೆ ಮಾತ್ರ, ಬಹಳಷ್ಟು ಕಾರುಗಳಲ್ಲಿ, ಅವು ಎರಡು ಬೇರೆ ಕಂಪ್ಯೂಟರ್‌ಗಳು. ಬೇರೆ ಬೇರೆ ಬಿಡಿಭಾಗ ಕಂಪನಿಗಳು ಮಾಡಿಕೊಟ್ಟವೂ ಆಗಿರಬಹುದು. ಆಂಡ್ರಾಯ್ಡ್ ಆಟೊ ಅಥವಾ ಕಾರ್‌ಪ್ಲೇಗಾಗಿ ಫೋನ್ ಸಿಕ್ಕಿಸಿದರೆ ಮೂರನೆಯದೂ ಬಂದು ಕೂರುತ್ತದೆ. ಗಡಿಯಾರ ಒಂದು ಕಡೆ ಸರಿ ಮಾಡಿದರೆ ಇನ್ನೊಂದು ಕಡೆ ತಪ್ಪೇ ಉಳಿಯುವುದು, ಕನ್ನಡ ಒಂದು ಕಡೆ ಚೆಂದವಾಗಿ ಕಂಡು ಇನ್ನೊಂದು ಕಡೆ ಚೌಕಗಳಾಗುವುದು, ಎರಡಕ್ಕೂ ಕಾರಣ ಇದೇ.

ಮೊದಲು ಗಡಿಯಾರ. Settings ಒಳಗೆ, ಕೆಲವು ಕಾರುಗಳಲ್ಲಿ System ಅಥವಾ General ಹೊಕ್ಕ ಮೇಲೆ, Date & Time ಸಿಗುತ್ತದೆ. ಗಾಡಿ ಓಡುತ್ತಿದ್ದರೆ ಈ ಸಾಲುಗಳು ಮಬ್ಬಾಗಿ ಒತ್ತಿದರೂ ತೆರೆಯದೆ ಇರಬಹುದು. ಬದಿಗೆ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದು ನೋಡಿ. ಜಿಪಿಎಸ್‌ನಿಂದ ಸಮಯ ಪಡೆಯುವ ಆಯ್ಕೆ ಇದ್ದರೆ ಅದನ್ನೇ ಇಟ್ಟುಕೊಳ್ಳುವುದು ಒಳ್ಳೆಯದು. ಆದರೆ ಉಪಗ್ರಹಕ್ಕೆ ನೀವು ಯಾವ ದೇಶದಲ್ಲಿದ್ದೀರಿ ಎಂಬುದು ಬೇಕಿಲ್ಲ. ಜಗತ್ತಿಗೆಲ್ಲ ಒಂದೇ ಸಮಯ ಕಳಿಸುತ್ತದೆ, ಅದಕ್ಕೆ ನಮ್ಮ ಐದೂವರೆ ಗಂಟೆ ಸೇರಿಸುವ ಕೆಲಸ ಕಾರಿನದು. ಹಾಗಾಗಿ ಎಷ್ಟು ತಪ್ಪಿದೆ ಎಂಬುದರಲ್ಲೇ ಯಾಕೆ ತಪ್ಪಿದೆ ಎಂಬುದು ಗೊತ್ತಾಗುತ್ತದೆ. ಸರಿಯಾಗಿ ಅರ್ಧ ಗಂಟೆ ಹೆಚ್ಚುಕಡಿಮೆ ಇದ್ದರೆ ಟೈಮ್ ಜೋನ್ ಪಕ್ಕದ್ದಕ್ಕೆ ಹೋಗಿದೆ; ಅದು GMT+05:30 ಇರಬೇಕು. ಸರಿಯಾಗಿ ಒಂದು ಗಂಟೆ ಮುಂದಿದ್ದರೆ, ನಮ್ಮ ದೇಶಕ್ಕೆ ಬೇಡದ Daylight Saving ಯಾರೋ ಆನ್ ಮಾಡಿದ್ದಾರೆ. ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಜಾರುತ್ತಿದ್ದರೆ ಜಿಪಿಎಸ್ ಆಯ್ಕೆ ಆಫ್ ಆಗಿದೆ, ಒಳಗಿನ ಗಡಿಯಾರ ತನ್ನ ಪಾಡಿಗೆ ತಾನು ನಡೆಯುತ್ತಿದೆ. ಬ್ಯಾಟರಿ ಬದಲಿಸಿದ ಮೇಲೆ ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲೇ ನಿಂತು ಸಮಯ ಸರಿಯಾಗಲಿಲ್ಲ ಎಂದು ಗಾಬರಿಯಾಗಬೇಡಿ, ಆಕಾಶ ಕಾಣುವ ಜಾಗಕ್ಕೆ ತನ್ನಿ.

ಅಳತೆಯ ಮಾನಗಳಲ್ಲಿ ಜನ ಹೆಚ್ಚು ಹೆದರುವುದು ಮೈಲೇಜ್ ವಿಷಯಕ್ಕೆ. ಲೀಟರಿಗೆ 15 ಕಿಲೋಮೀಟರ್ ಕೊಡುತ್ತಿದ್ದ ಕಾರು ಒಂದು ಬೆಳಿಗ್ಗೆ 6.7 ಎಂದು ತೋರಿಸಿದರೆ ಎದೆ ಧಸಕ್ ಎನ್ನುತ್ತದೆ. ಗ್ಯಾರೇಜಿಗೆ ಓಡುವ ಮೊದಲು ಆ ಅಂಕಿಯ ಪಕ್ಕ L/100km ಎಂದಿದೆಯೇ ನೋಡಿ. ಅದು ಯುರೋಪಿನ ಲೆಕ್ಕ: ನೂರು ಕಿಲೋಮೀಟರಿಗೆ ಎಷ್ಟು ಲೀಟರ್ ಕುಡಿಯಿತು ಎಂಬುದು. ನೂರನ್ನು 15ರಿಂದ ಭಾಗಿಸಿದರೆ ಬರುವುದೂ 6.7. ಅಕ್ಷರ ಚಿಕ್ಕದಾಗಿ ಓದಲಾಗದಿದ್ದರೆ ಕ್ಷಣಕ್ಷಣದ ಬಳಕೆ ತೋರಿಸುವ ಅಂಕಿಯನ್ನು ಪಕ್ಕದಲ್ಲಿ ಕೂತವರು ಗಮನಿಸಲಿ. ಏರು ಹತ್ತುವಾಗ ಅದು ಏರಿದರೆ L/100km, ಇಳಿದರೆ ನಮ್ಮ km/L. ಹಲವು ಕಾರುಗಳಲ್ಲಿ ಇದನ್ನು ಬದಲಿಸುವ Units ಸಾಲು ದೊಡ್ಡ ತೆರೆಯಲ್ಲಿ ಸಿಗದು. ಸ್ಟೀರಿಂಗ್ ಮೇಲಿನ ಗುಂಡಿಗಳಿಂದ ಸಣ್ಣ ತೆರೆಯ ಮೆನುವಿನಲ್ಲೇ ಹುಡುಕಬೇಕು. ಟೈರ್ ಗಾಳಿಯ ಅಂಕಿಯೂ ಅಲ್ಲೇ. ಪಂಪ್‌ನ ಹುಡುಗ 33 ಎಂದು ಹಾಕಿದ್ದು ಕಾರಿನಲ್ಲಿ 228 ಎಂದು ಕಂಡರೆ ಅದು psi ಬದಲು kPa, ಅಷ್ಟೆ.

ಇನ್ನು ಭಾಷೆ. Language ಪುಟದಲ್ಲಿ ಪ್ರತಿ ಭಾಷೆಯ ಹೆಸರನ್ನೂ ಸಾಮಾನ್ಯವಾಗಿ ಅದರದೇ ಲಿಪಿಯಲ್ಲಿ ಬರೆದಿರುತ್ತಾರೆ. ಮಕ್ಕಳು ಒತ್ತಿ ಒತ್ತಿ ತೆರೆಯನ್ನು ಅರಬ್ಬಿಗೋ ಚೀನಿಗೋ ತಿರುಗಿಸಿಟ್ಟರೂ ಹಲ್ಲುಚಕ್ರದ ಗುರುತು, ಆಮೇಲೆ ಭೂಗೋಳದ ಗುರುತು ಹಿಡಿದು ವಾಪಸ್ ಬರಬಹುದು. ಈಚಿನ ಕೆಲವು ಮಾದರಿಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಇಲ್ಲದ ಕಾರುಗಳಲ್ಲಿ ಸಮಸ್ಯೆ ಮೆನುವಿಗೇ ಮುಗಿಯುವುದಿಲ್ಲ.

ಫೋನಿನಲ್ಲಿ ‘ಪದ್ಮಕ್ಕ’ ಎಂದು ಕನ್ನಡದಲ್ಲೇ ಹೆಸರು ಉಳಿಸಿಕೊಂಡಿದ್ದೀರಿ ಎನ್ನಿ. ಬ್ಲೂಟೂತ್ ಮೂಲಕ ಕರೆ ಬಂದಾಗ ಫೋನು ಕಾರಿಗೆ ಕಳಿಸುವುದು ಅಕ್ಷರದ ಚಿತ್ರವನ್ನಲ್ಲ, ಸಂಖ್ಯೆಗಳನ್ನು. ಯುನಿಕೋಡ್ ಲೆಕ್ಕದಲ್ಲಿ ಈ ಹೆಸರು ಏಳು ಸಂಕೇತಗಳ ಸಾಲು: ಪ, ದ, ಒಂದು ಹಲಂತ, ಮ, ಕ, ಮತ್ತೆ ಹಲಂತ, ಕ. ದಕ್ಕೆ ಮ ಒತ್ತು, ಕಕ್ಕೆ ಕ ಒತ್ತು ಎಂದು ಅರ್ಥ ಮಾಡಿಕೊಂಡು ಮೂರು ಅಕ್ಷರ ಬಿಡಿಸಬೇಕಾದದ್ದು ಕಾರಿನ ತಂತ್ರಾಂಶ. ಇಂಗ್ಲಿಷಿಗೆ ಈ ಕೆಲಸ ಬೇಕಿಲ್ಲ, ಒಂದರ ಪಕ್ಕ ಒಂದು ಅಕ್ಷರ ಇಟ್ಟರೆ ಸಾಕು. ಕನ್ನಡಕ್ಕೆ ಅಕ್ಷರ ಜೋಡಿಸುವ ತಂತ್ರಾಂಶವೇ ಬೇರೆ ಇರಬೇಕು. ಆಂಡ್ರಾಯ್ಡ್ ಫೋನುಗಳಲ್ಲಿ ಹಾರ್ಫ್‌ಬಜ್ ಎಂಬುದು ಅದನ್ನು ಮಾಡುತ್ತದೆ. ಅದಿಲ್ಲದ ತೆರೆಯಲ್ಲಿ ‘ಪದ್‌ಮಕ್‌ಕ’ ಎಂದು ಬರುತ್ತದೆ. ಫಾಂಟ್ ಒಂದೇ ಇಲ್ಲದಿದ್ದರೆ ಬರೀ ಚೌಕಗಳು. ಪೆನ್‌ಡ್ರೈವ್‌ನ ಹಾಡಿನ ಹೆಸರು à² ಎಂಬಂಥ ವಿಚಿತ್ರ ಗುರುತುಗಳಿಂದ ತುಂಬಿದ್ದರೆ ಅದು ಮೂರನೆಯ ರೋಗ: ಸಂಕೇತಗಳು ಸರಿಯಾಗಿಯೇ ಬಂದಿವೆ, ಕಾರು ಅವನ್ನು ಬೇರೆ ಪದ್ಧತಿಯಲ್ಲಿ ಓದುತ್ತಿದೆ. ಮೂರರಲ್ಲಿ ನಮ್ಮ ಕೈಲಿ ವಾಸಿಯಾಗಬಹುದಾದದ್ದು ಇದೊಂದೇ. ಕಂಪ್ಯೂಟರಿನಲ್ಲಿ Mp3tag ತೆರೆದು, ಹಾಡಿನ ವಿವರವನ್ನು ID3v2.3 UTF-16 ಆಗಿ ಮತ್ತೆ ಉಳಿಸಿದರೆ ಹೆಚ್ಚಿನ ಪ್ಲೇಯರ್‌ಗಳು ಸರಿಯಾಗಿ ಓದುತ್ತವೆ. ಒಳಗೆ ಕನ್ನಡ ಫಾಂಟ್ ಇರಬೇಕು ಎಂಬ ಷರತ್ತು ಮಾತ್ರ ಹಾಗೇ ಇದೆ.

ಅದೇ ಕಾರಿನಲ್ಲಿ ಆಂಡ್ರಾಯ್ಡ್ ಆಟೊ ಹಾಕಿದರೆ ಪದ್ಮಕ್ಕ ಥಟ್ಟನೆ ಸರಿಯಾಗಿ ಕಾಣುತ್ತಾರೆ. ಇಲ್ಲಿ ಅಕ್ಷರ ಬಿಡಿಸುವುದು ಫೋನು. ಅದು ತನ್ನ ಫಾಂಟಿನಲ್ಲಿ ಇಡೀ ತೆರೆಯನ್ನೇ ಬರೆದು ವಿಡಿಯೋದಂತೆ ಕಾರಿಗೆ ಕಳಿಸುತ್ತದೆ. ಕಾರು ಬರೀ ಟಿವಿ. ಆದ್ದರಿಂದಲೇ ಆಗ ಭಾಷೆ, ಗಡಿಯಾರ ಎರಡೂ ಫೋನಿನ ಸೆಟ್ಟಿಂಗ್ಸ್ ಪ್ರಕಾರ ನಡೆಯುತ್ತವೆ. ಕನ್ನಡದ ಮೆನು ಇಲ್ಲದ ಕಾರಿನಲ್ಲಿ ಸದ್ಯಕ್ಕೆ ಇದಕ್ಕಿಂತ ಸುಲಭದ ದಾರಿ ಇಲ್ಲ. ದಾರಿ ಹೇಳುವ ದನಿ ಕನ್ನಡದಲ್ಲಿ ಬೇಕಿದ್ದರೆ ಅದನ್ನೂ ಫೋನಿನ ಗೂಗಲ್ ಮ್ಯಾಪ್ಸ್‌ನಲ್ಲೇ ಆರಿಸಿಕೊಳ್ಳಬೇಕು.

ಫೋನಿಗೆ ಸಾಧ್ಯವಾದದ್ದು ಕಾರಿಗೆ ಏಕೆ ಕಷ್ಟ? ಫಾಂಟ್ ಸೇರಿಸುವುದು ಅದರಲ್ಲಿ ಸಣ್ಣ ಭಾಗ. ಮೆನುವಿನ ಗುಂಡಿ, ಸಾಲುಗಳನ್ನು ಇಂಗ್ಲಿಷ್ ಅಳತೆಗೆ ಕತ್ತರಿಸಿಟ್ಟಿರುತ್ತಾರೆ. ಕನ್ನಡದ ಒತ್ತಕ್ಷರ ಸಾಲಿನ ಕೆಳಗೆ ಇಳಿಯುವುದರಿಂದ ಬುಡ ಕತ್ತರಿಸಿಹೋಗುತ್ತದೆ. ಪ್ರತಿ ಪುಟವನ್ನೂ ಕನ್ನಡ ಬಲ್ಲವರು ಕೂತು ನೋಡಬೇಕು. ಬ್ರೇಕ್, ಏರ್‌ಬ್ಯಾಗ್ ಎಚ್ಚರಿಕೆಯ ಸಾಲಿನ ಅನುವಾದ ತಪ್ಪಿದರೆ ಅದು ನಗುವ ವಿಷಯವಲ್ಲ. ಸ್ಟೀರಿಂಗ್ ಹಿಂದಿನ ಸಣ್ಣ ತೆರೆಯ ತಂತ್ರಾಂಶ ಬೇರೆಯಾದ್ದರಿಂದ ಇದೆಲ್ಲ ಅಲ್ಲಿ ಇನ್ನೊಮ್ಮೆ. ಹೀಗಾಗಿ ದೊಡ್ಡ ತೆರೆ ಕನ್ನಡಕ್ಕೆ ತಿರುಗಿದರೂ ಸಣ್ಣದು ಇಂಗ್ಲಿಷಿನಲ್ಲೇ ಉಳಿದಿರುವ ಕಾರು ಅಪರೂಪವಲ್ಲ. ಮಾತು ಕೇಳಿ ಎಸಿ ಹಾಕುವ ಸೌಲಭ್ಯವಂತೂ ಪೂರಾ ಬೇರೆ ಲೆಕ್ಕ: ಹುಬ್ಬಳ್ಳಿಯವರ, ಮಂಗಳೂರಿನವರ, ಮೈಸೂರಿನವರ ಉಚ್ಚಾರವನ್ನೆಲ್ಲ ಗಾಳಿ, ಎಂಜಿನ್ ಸದ್ದಿನ ನಡುವೆ ಗುರುತಿಸುವಂತೆ ಅದಕ್ಕೆ ಕಲಿಸಬೇಕು. ಒಂದೇ ತೆರೆಯನ್ನು ಹಲವು ದೇಶಗಳಿಗೆ ಮಾರುವ ಕಂಪನಿ ಈ ಖರ್ಚನ್ನು ಗಿರಾಕಿಗಳ ಸಂಖ್ಯೆಯ ಮೇಲೆ ಅಳೆಯುತ್ತದೆ. ಕನ್ನಡಿಗ ಗಿರಾಕಿ ಹೇಗೂ ಇಂಗ್ಲಿಷಿನಲ್ಲಿ ನಿಭಾಯಿಸುತ್ತಾನೆ ಎಂಬ ಎಣಿಕೆಯೂ ಅದರೊಳಗೆ ಸೇರಿಕೊಂಡಿರುತ್ತದೆ ಎಂಬುದು ನನ್ನ ಗುಮಾನಿ.

ಹೊಸ ಕಾರು ಕೊಳ್ಳಲು ಹೋದಾಗ ಶೋರೂಮಿನಲ್ಲಿ ‘ಕನ್ನಡ ಇದೆ ಸಾರ್’ ಎಂದರೆ ಎಲ್ಲಿ ಇದೆ ಎಂದು ಕೇಳಿ: ಮೆನುವಿನಲ್ಲೋ, ಸಣ್ಣ ತೆರೆಯಲ್ಲೋ, ದನಿಯಲ್ಲೋ. ಆಮೇಲೆ ಆಂಡ್ರಾಯ್ಡ್ ಆಟೊ ಹಾಕದೆ ಬ್ಲೂಟೂತ್ ಮಾತ್ರ ಜೋಡಿಸಿ, ಹೆಸರಿನಲ್ಲಿ ಒತ್ತಕ್ಷರ ಇರುವವರೊಬ್ಬರಿಂದ ಒಂದು ಕರೆ ಮಾಡಿಸಿ.