ತೋಳಮನುಷ್ಯನ ಬಟ್ಟೆ ಎಲ್ಲಿದೆ?

ತಪ್ಪು ಕಲ್ಪನೆ: ಹುಣ್ಣಿಮೆಯ ಬೆಳಕು ಮೈಮೇಲೆ ಬಿದ್ದರೆ ಮನುಷ್ಯ ತೋಳನಾಗುತ್ತಾನೆ, ಯುರೋಪಿನ ಹಳೆಯ ಕಥೆಗಳೆಲ್ಲ ಹೇಳುವುದು ಇದನ್ನೇ.

ವಾಸ್ತವ: ಹಳೆಯ ಕಥೆಗಳಲ್ಲಿ ಚಂದ್ರ ಅಪರೂಪ. ಕ್ರಿಸ್ತಶಕ ಮೊದಲ ಶತಮಾನದ ರೋಮನ್ ಲೇಖಕ ಪೆಟ್ರೋನಿಯಸ್‌ನ ‘ಸಟಿರಿಕಾನ್’ ಕೃತಿಯಲ್ಲಿ ಒಬ್ಬ ಸೈನಿಕ ತೋಳನಾಗುವ ರಾತ್ರಿ ಹಗಲಿನಂಥ ಬೆಳದಿಂಗಳಿದೆ, ನಿಜ. ಆದರೆ ಅದು ಇರುವುದು ಜೊತೆಗಾರನ ಕಣ್ಣಿಗೆ ದಾರಿ ಕಾಣಲೆಂದು, ಸಮಾಧಿಗಳ ನಡುವೆ ನಡೆದದ್ದನ್ನು ಅವನು ನೋಡಲೆಂದು. ಸೈನಿಕ ಬಟ್ಟೆ ಬಿಚ್ಚಿ ರಸ್ತೆಬದಿಯಲ್ಲಿಡುತ್ತಾನೆ, ಸುತ್ತಲೂ ಮೂತ್ರದ ಗೆರೆ ಎಳೆಯುತ್ತಾನೆ, ಆಮೇಲೆ ತೋಳನಾಗುತ್ತಾನೆ. ಜೊತೆಗಾರ ಹೋಗಿ ಮುಟ್ಟಿದರೆ ಬಟ್ಟೆ ಕಲ್ಲಾಗಿದೆ! ಹದಿಮೂರನೆಯ ಶತಮಾನದ ಆರಂಭದಲ್ಲಿ ಟಿಲ್ಬರಿಯ ಜರ್ವೇಸ್ ಎಂಬಾತ ಚಂದ್ರನಿಗೂ ತೋಳಮನುಷ್ಯರಿಗೂ ಸಂಬಂಧ ಕಲ್ಪಿಸಿದ. ಆದರೂ ಅವನು ಹೇಳಿದ ಒಂದು ಪ್ರಸಂಗದಲ್ಲಿ ಮನುಷ್ಯ ಬೆತ್ತಲೆಯಾಗಿ ಮರಳಲ್ಲಿ ಹೊರಳಿ ತೋಳನಾಗುವುದು ಅಮಾವಾಸ್ಯೆ ಕಳೆದು ಹೊಸ ಚಂದ್ರ ಮೂಡುವಾಗ, ಹುಣ್ಣಿಮೆಯಲ್ಲಲ್ಲ.

ಹುಣ್ಣಿಮೆಯನ್ನು ಕಟ್ಟುನಿಟ್ಟಿನ ನಿಯಮ ಮಾಡಿದ್ದು ಸಿನಿಮಾ. 1941ರ ‘ದಿ ವುಲ್ಫ್ ಮ್ಯಾನ್’ ಚಿತ್ರಕ್ಕೆ ಕರ್ಟ್ ಸಿಯೋಡ್ಮಾಕ್ ಬರೆದ ಪದ್ಯದಲ್ಲಿ ಇದ್ದದ್ದು ಶರತ್ಕಾಲದ ಚಂದ್ರ ಮಾತ್ರ. 1943ರ ಮುಂದಿನ ಚಿತ್ರದಲ್ಲಿ ಆ ಸಾಲು ಬದಲಾಗಿ ಪೂರ್ಣಚಂದ್ರ ಬಂದ. ಆ ಒಂದು ಬದಲಾವಣೆ ಕಥೆಯ ಹುರಿಯನ್ನೇ ಬದಲಿಸಿತು. ಹಳೆಯ ಕಥೆಗಳ ಎಷ್ಟೋ ತೋಳಮನುಷ್ಯರು ತಾವಾಗಿಯೇ ಬಟ್ಟೆ ಕಳಚುತ್ತಿದ್ದರು, ಚರ್ಮ ಹೊದೆಯುತ್ತಿದ್ದರು, ಮುಲಾಮು ಬಳಿದುಕೊಳ್ಳುತ್ತಿದ್ದರು. ಸಿನಿಮಾದವನು ಏನೂ ಮಾಡಬೇಕಿಲ್ಲ, ತಿಂಗಳು ತುಂಬಿದರೆ ಸಾಕು. ಸಿಯೋಡ್ಮಾಕ್ ನಾಜಿಗಳ ಕಾಲದಲ್ಲಿ ಜರ್ಮನಿ ಬಿಟ್ಟು ಬಂದ ಯಹೂದಿ. ಅವನ ಚಿತ್ರದಲ್ಲಿ ಮುಂದಿನ ಬಲಿಯಾಗುವವರ ಅಂಗೈಯಲ್ಲಿ ನಕ್ಷತ್ರದ ಗುರುತು ಮೂಡುತ್ತದೆ. ತಪ್ಪು ಮಾಡದವನ ಮೇಲೆ ಎರಗುವ ವಿಧಿ ಅವನಿಗೆ ಬರೀ ಕಲ್ಪನೆಯಾಗಿರಲಿಲ್ಲ ಎಂದೇ ನನ್ನ ಓದು.

ತಪ್ಪು ಕಲ್ಪನೆ: ತೋಳನಾದವನಿಗೆ ಮನುಷ್ಯಬುದ್ಧಿ ಉಳಿಯುವುದಿಲ್ಲ.

ವಾಸ್ತವ: ಹನ್ನೆರಡನೆಯ ಶತಮಾನದಲ್ಲಿ ಮಾರಿ ದ ಫ್ರಾನ್ಸ್ ಎಂಬ ಕವಯಿತ್ರಿ ಹೇಳಿದ ‘ಬಿಸ್ಕ್ಲಾವ್ರೆ’ಯ ಕಥೆಯನ್ನು ನಿಧಾನವಾಗಿ ನೋಡಬೇಕು. ಬ್ರಿಟನಿಯ ಒಬ್ಬ ಸರದಾರ ವಾರಕ್ಕೆ ಮೂರು ದಿನ ಮನೆಯಲ್ಲಿರುವುದಿಲ್ಲ. ಹೆಂಡತಿ ಬಿಡದೆ ಕೇಳುತ್ತಾಳೆ. ತಾನು ತೋಳನಾಗುತ್ತೇನೆ ಎಂದು ಅವನು ಒಪ್ಪಿಕೊಂಡರೂ ಅವಳು ಮುಂದಿನ ಪ್ರಶ್ನೆ ಕೇಳುತ್ತಾಳೆ: ಬಟ್ಟೆ ಎಲ್ಲಿಡುತ್ತೀರಿ? ಅದನ್ನು ಹೇಳಲು ಅವನು ಹೆದರುತ್ತಾನೆ. ಬಟ್ಟೆ ಸಿಗದಿದ್ದರೆ ಮರಳಿ ಮನುಷ್ಯನಾಗುವಂತಿಲ್ಲ. ಕೊನೆಗೆ ಹಳೆಯ ಪ್ರಾರ್ಥನಾಮಂದಿರದ ಹತ್ತಿರ, ಪೊದೆಯ ಕೆಳಗಿನ ಪೊಳ್ಳುಕಲ್ಲನ್ನು ತಿಳಿಸುತ್ತಾನೆ. ಅವಳು ತನ್ನ ಹಿಂದೆ ಬಿದ್ದಿದ್ದ ಇನ್ನೊಬ್ಬ ಸರದಾರನಿಂದ ಆ ಬಟ್ಟೆ ಕದಿಸುತ್ತಾಳೆ, ಅವನನ್ನೇ ಮದುವೆಯಾಗುತ್ತಾಳೆ.

ವರ್ಷ ಕಳೆದ ಮೇಲೆ ಬೇಟೆಗೆ ಬಂದ ರಾಜನ ಕಾಲಿಗೆ ಆ ತೋಳ ಮುತ್ತಿಡುತ್ತದೆ. ರಾಜ ಅದನ್ನು ಅರಮನೆಗೆ ಕರೆತರುತ್ತಾನೆ. ಅಲ್ಲಿ ಅದು ಯಾರ ತಂಟೆಗೂ ಹೋಗುವುದಿಲ್ಲ, ಬಟ್ಟೆ ಕದ್ದ ಸರದಾರನ ಮೇಲೆ ಮಾತ್ರ ಎರಗುತ್ತದೆ, ಮುಂದೊಮ್ಮೆ ಹೆಂಡತಿಯ ಮೂಗನ್ನೇ ಕಿತ್ತುಹಾಕುತ್ತದೆ. ಯಾರಿಗೂ ಕೆಡುಕು ಮಾಡದ ಪ್ರಾಣಿ ಇವರಿಬ್ಬರನ್ನೇ ಏಕೆ ದ್ವೇಷಿಸುತ್ತದೆ ಎಂದು ಒಬ್ಬ ಹಿರಿಯ ಕೇಳಿದಾಗ ಗುಟ್ಟು ಹೊರಬೀಳುತ್ತದೆ. ಬಟ್ಟೆ ತಂದು ಮುಂದಿಟ್ಟರೆ ತೋಳ ಅತ್ತ ನೋಡುವುದೂ ಇಲ್ಲ. ಎಲ್ಲರೆದುರು ರೂಪ ಬದಲಿಸಲು ಅದಕ್ಕೆ ನಾಚಿಕೆ ಎಂದು ಆ ಹಿರಿಯನೇ ತಿಳಿಸಿಕೊಡುತ್ತಾನೆ. ರಾಜನ ಮಲಗುವ ಕೋಣೆಯಲ್ಲಿ ಬಟ್ಟೆಯೊಂದಿಗೆ ಅದನ್ನು ಬಿಟ್ಟು ಬಾಗಿಲು ಮುಚ್ಚುತ್ತಾರೆ. ತೆರೆದಾಗ ಸರದಾರ ರಾಜನ ಹಾಸಿಗೆಯ ಮೇಲೆ ನಿದ್ದೆಹೋಗಿದ್ದಾನೆ. ತೋಳ ಮನುಷ್ಯನಾಗುವ ಆ ಗಳಿಗೆಯನ್ನು ಕವಯಿತ್ರಿ ನಮಗೂ ತೋರಿಸುವುದಿಲ್ಲ. ಆ ಮುಚ್ಚಿದ ಬಾಗಿಲಿಗಿಂತ ದೊಡ್ಡ ಮರ್ಯಾದೆಯನ್ನು ಯಾವ ತೋಳಮನುಷ್ಯನ ಕಥೆಯಲ್ಲೂ ನಾನು ಕಂಡಿಲ್ಲ. ಈ ಇಡೀ ಕಥೆಯಲ್ಲಿ ಹುಣ್ಣಿಮೆಯ ಕಟ್ಟಳೆ ಎಲ್ಲೂ ಇಲ್ಲ.

ತಪ್ಪು ಕಲ್ಪನೆ: ಬೆಳ್ಳಿಯ ಗುಂಡು ಪುರಾತನ ಮದ್ದು.

ವಾಸ್ತವ: ಫ್ರಾನ್ಸಿನ ಜೆವೊದಾನ್ ಪ್ರದೇಶದ ನರಭಕ್ಷಕ ಮೃಗವನ್ನು 1767ರಲ್ಲಿ ಜಾನ್ ಶಾಸ್ತೆಲ್ ಕೊಂದದ್ದು ಬೆಳ್ಳಿಯ ಗುಂಡಿನಿಂದ ಎನ್ನುವುದು ನಂತರದ ಲೇಖಕರು ಸೇರಿಸಿದ ಮಾತು. 1941ರ ಚಿತ್ರದಲ್ಲಿ ಕೊಲ್ಲುವುದೂ ಗುಂಡಲ್ಲ, ಬೆಳ್ಳಿಹಿಡಿಯ ಊರುಗೋಲು.

ತಪ್ಪು ಕಲ್ಪನೆ: ತೋಳಮನುಷ್ಯ ಎಂದರೆ ಸೈತಾನನ ಕಡೆಯವನು.

ವಾಸ್ತವ: ನ್ಯಾಯಾಲಯಗಳು ಹಾಗೆ ನಂಬಿದ್ದು ನಿಜ. ಕಲೋನ್ ಹತ್ತಿರದ ಬೆಡ್‌ಬರ್ಗ್‌ನಲ್ಲಿ 1589ರಲ್ಲಿ ಪೀಟರ್ ಸ್ಟುಂಪ್ ಎಂಬವನಿಗೆ ಘೋರ ಮರಣದಂಡನೆಯಾಯಿತು. ಸೈತಾನ ಕೊಟ್ಟ ಸೊಂಟಪಟ್ಟಿ ಕಟ್ಟಿಕೊಂಡು ತೋಳನಾಗುತ್ತಿದ್ದೆ ಎಂಬ ತಪ್ಪೊಪ್ಪಿಗೆ ಬಂದದ್ದು ಚಿತ್ರಹಿಂಸೆಯ ಭಯದಲ್ಲಿ. ಆದರೆ ನೂರು ವರ್ಷದ ನಂತರ, ಲಿವೋನಿಯಾದ ಈಗ ಲಾಟ್ವಿಯಾಕ್ಕೆ ಸೇರಿದ ಭಾಗದಲ್ಲಿ, ಎಂಬತ್ತು ದಾಟಿದ ಥೀಸ್ ಎಂಬ ರೈತ ನ್ಯಾಯಾಧೀಶರ ಮುಂದೆ ತಾನಾಗಿಯೇ ಹೇಳಿದ: ನಾನು ತೋಳಮನುಷ್ಯ, ನಾವು ದೇವರ ನಾಯಿಗಳು. ಮಾಟಗಾರರು ಕದ್ದು ನರಕಕ್ಕೆ ಒಯ್ದ ಬೆಳೆಯನ್ನು ವರ್ಷದ ಕೆಲವು ನಿಗದಿತ ರಾತ್ರಿಗಳಲ್ಲಿ ಹೋಗಿ ಹೋರಾಡಿ ತರುತ್ತೇವೆ ಎಂದ. ಅವನು ಹೆಸರಿಸಿದ್ದು ಸಂತ ಲೂಸಿಯ, ಸಂತ ಯೋಹಾನನ ಹಬ್ಬದಂಥ ರಾತ್ರಿಗಳನ್ನು. ರೈತನ ಲೆಕ್ಕ ಬೆಳೆಯ ಪಂಚಾಂಗದ್ದು. ಪಾಪ ಒಪ್ಪಿಕೋ ಎಂದು ಪಾದ್ರಿ ಎಷ್ಟು ಒತ್ತಾಯಿಸಿದರೂ ಅವನು ಒಪ್ಪಲಿಲ್ಲ. 1692ರಲ್ಲಿ ಆ ಮುದುಕನಿಗೆ ಛಡಿಯೇಟು ವಿಧಿಸಿದರು.