ಮಗುವಿನ ತೂಕ: ಕಣ್ಣಳತೆ ಸಾಲದು, ನಕ್ಷೆ ನೋಡಿ

ಮೈಕೈ ತುಂಬಿಕೊಂಡ ಮಗು ಅಜ್ಜಿಯ ಕಣ್ಣಿಗೆ ಚೆನ್ನಾಗಿ ಉಂಡು ಬೆಳೆದ ಮಗು. ಮದುವೆಮನೆಯಲ್ಲಿ ಸಿಕ್ಕ ನೆಂಟರಿಗೆ ಅದೇ ಮಗು ‘ಡುಮ್ಮಿ’. ಎರಡೂ ಕಣ್ಣಳತೆಯ ತೀರ್ಪುಗಳೇ. ಐದಾರು ವರ್ಷದ ಮಕ್ಕಳು ಸಹಜವಾಗಿಯೇ ತೆಳ್ಳಗಿರುತ್ತಾರೆ. ಎಳೆತನದ ಕೊಬ್ಬು ಆ ವಯಸ್ಸಿಗೆ ಕರಗಿ, ಆಮೇಲೆ ನಿಧಾನಕ್ಕೆ ಮತ್ತೆ ಸೇರಿಕೊಳ್ಳುತ್ತದೆ. ಇದು ತಿಳಿಯದೆ, ಸರಿಯಾಗಿಯೇ ಇರುವ ಮಗುವಿಗೆ ಇನ್ನೊಂದು ತುತ್ತು ತುರುಕುವವರಿದ್ದಾರೆ. ತೂಕ ನಿಜಕ್ಕೂ ಏರುತ್ತಿದ್ದರೂ ‘ದೊಡ್ಡವಳಾದರೆ ಇಳಿಯುತ್ತೆ ಬಿಡಿ’ ಎನ್ನುವವರೂ ಇದ್ದಾರೆ.

ಈ ಗೊಂದಲ ಬಿಡಿಸಲು ಬೆಳವಣಿಗೆ ನಕ್ಷೆ ಬೇಕು. ಎಳೆಯ ಮಕ್ಕಳ ತೂಕದ ನಕ್ಷೆ ತಾಯಿ ಕಾರ್ಡಿನಲ್ಲೇ ಇರುತ್ತದೆ. ಐದರಿಂದ ಹದಿನೆಂಟರವರೆಗೆ ಭಾರತೀಯ ಮಕ್ಕಳ ವೈದ್ಯರ ಸಂಘ 2015ರಲ್ಲಿ ಹೊರತಂದ ನಕ್ಷೆಗಳಿವೆ. ಹುಡುಗರಿಗೆ ಬೇರೆ, ಹುಡುಗಿಯರಿಗೆ ಬೇರೆ. ಅದರ ಬಿಎಂಐ ನಕ್ಷೆಯಲ್ಲಿ ಮೇಲಿನ ಎರಡು ಗೆರೆಗಳನ್ನು ಗಮನಿಸಬೇಕು. ಭಾರತೀಯರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆಯ ಅಪಾಯ ಶುರುವಾಗುವುದರಿಂದ, ದೊಡ್ಡವರಲ್ಲಿ 23 ಮತ್ತು 27 ಎನ್ನುವ ಬಿಎಂಐಗೆ ಮಕ್ಕಳ ವಯಸ್ಸಿನಲ್ಲಿ ಯಾವ ಅಳತೆ ಸಮವೋ ಅಲ್ಲಿ ಆ ಗೆರೆಗಳನ್ನು ಎಳೆದಿದ್ದಾರೆ. ಮೊದಲನೆಯದನ್ನು ದಾಟಿದರೆ ಅತಿತೂಕ, ಎರಡನೆಯದನ್ನೂ ದಾಟಿದರೆ ಬೊಜ್ಜು.

ಒಂಬತ್ತು ವರ್ಷದ ಒಬ್ಬ ಹುಡುಗಿಯ ಲೆಕ್ಕ ಹಾಕೋಣ. ಎತ್ತರ 130 ಸೆಂಟಿಮೀಟರ್, ತೂಕ 33 ಕಿಲೋ. 33ನ್ನು 1.3ರಿಂದ ಎರಡು ಸಲ ಭಾಗಿಸಿದರೆ ಬಿಎಂಐ 19.5. ದೊಡ್ಡವರಲ್ಲಾದರೆ ಇದು ಹೇಳಿ ಮಾಡಿಸಿದ ತೂಕ. ಆದರೆ ಒಂಬತ್ತರ ಹುಡುಗಿಯ ನಕ್ಷೆಯಲ್ಲಿ ಈ ಚುಕ್ಕೆ 23ರ ಗೆರೆಯ ಮೇಲೆ, 27ರ ಗೆರೆಯ ಕೆಳಗೆ ಬೀಳುತ್ತದೆ: ಅತಿತೂಕ.

ಒಂದೇ ಚುಕ್ಕೆ ನೋಡಿ ಗಾಬರಿಯಾಗಬೇಕಿಲ್ಲ, ಹಳೆಯ ಅಳತೆಗಳನ್ನೂ ಹುಡುಕಿ. ಏಳು ವರ್ಷಕ್ಕೆ ಇವಳು 118 ಸೆಂಟಿಮೀಟರ್, 21.5 ಕಿಲೋ ಇದ್ದಳು, ಬಿಎಂಐ 15.4, ನಡುಗೆರೆಯ ಆಸುಪಾಸು. ಈ ವಯಸ್ಸಿನಲ್ಲಿ ವರ್ಷಕ್ಕೆ ಎರಡು–ಮೂರು ಕಿಲೋ ಏರುವುದು ವಾಡಿಕೆ. ಇವಳು ಎರಡು ವರ್ಷದಲ್ಲಿ ಹನ್ನೊಂದೂವರೆ ಕಿಲೋ ಏರಿದ್ದಾಳೆ. ಇನ್ನು ಎತ್ತರ: ಎರಡು ವರ್ಷದಲ್ಲಿ 12 ಸೆಂಟಿಮೀಟರ್, ಅಂದರೆ ಚೆನ್ನಾಗಿಯೇ ಬೆಳೆಯುತ್ತಿದ್ದಾಳೆ. ಹಾಗಾಗಿ ಕಾರಣ ಹೆಚ್ಚಾಗಿ ಊಟ, ಓಡಾಟ, ನಿದ್ದೆಗಳಲ್ಲೇ ಇರುತ್ತದೆ. ತೂಕ ಏರುತ್ತಿದ್ದು ಎತ್ತರ ಮಾತ್ರ ನಿಂತುಬಿಟ್ಟಿದ್ದರೆ ಥೈರಾಯ್ಡ್‌ನಂಥ ಹಾರ್ಮೋನಿನ ತೊಂದರೆ ಇದೆಯೇ ಎಂದು ವೈದ್ಯರು ನೋಡಬೇಕಾಗುತ್ತದೆ.

ಬೆಳೆಯುವ ಮಗುವಿನ ಅನುಕೂಲವೂ ಇಲ್ಲೇ ಇದೆ. ಅತಿತೂಕದ ಹಂತದಲ್ಲಿರುವ ಇವಳು ತೂಕ ಇಳಿಸಬೇಕಾಗಿಯೇ ಇಲ್ಲ, ಏರಿಕೆ ನಿಧಾನವಾದರೆ ಸಾಕು. ಮುಂದಿನ ವರ್ಷ 136 ಸೆಂಟಿಮೀಟರ್ ಆಗಿ ತೂಕ 34 ಕಿಲೋದಲ್ಲಿ ನಿಂತರೆ ಬಿಎಂಐ 18.4ಕ್ಕೆ ಇಳಿಯುತ್ತದೆ. ವಯಸ್ಸಿನೊಂದಿಗೆ ಗೆರೆಯೂ ಮೇಲೇರುವುದರಿಂದ ಚುಕ್ಕೆ 23ರ ಗೆರೆಯ ಹತ್ತಿರಕ್ಕೆ ಬಂದಿರುತ್ತದೆ.

ತೂಕ ಇಳಿಸುವ ಮಾತೇ ಇಲ್ಲವೆಂದಾದ ಮೇಲೆ ಮಗುವಿಗೆ ಪಥ್ಯವೂ ಬೇಡ, ವಾರವಾರ ತೂಕದ ಯಂತ್ರದ ಮೇಲೆ ನಿಲ್ಲಿಸುವುದೂ ಬೇಡ. ಮೂರು ತಿಂಗಳಿಗೊಮ್ಮೆ ಎತ್ತರ, ತೂಕ ಎರಡನ್ನೂ ಅಳೆದರೆ ಸಾಕು. ಬದಲಾಗಬೇಕಾದದ್ದು ಮನೆಯ ಪದ್ಧತಿ. ಅಣ್ಣನಿಗೆ ಚಿಪ್ಸ್, ತಂಗಿಗೆ ಸೌತೆಕಾಯಿ ಎಂದು ತಟ್ಟೆ ಬೇರೆಯಾದರೆ ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತದೆ. ಚಿಪ್ಸ್, ಬಾಟಲಿ ಜ್ಯೂಸ್‌ಗಳನ್ನು ಎಲ್ಲರಿಗೂ ಸೇರಿಸಿಯೇ ತರುವುದು ಕಡಿಮೆ ಮಾಡಿ. ಟಿವಿ, ಮೊಬೈಲ್ ಆರಿಸಿ ಎಲ್ಲರೂ ಒಟ್ಟಿಗೆ ಉಣ್ಣಿ. ಏನು ಬಡಿಸಬೇಕು, ಯಾವಾಗ ಬಡಿಸಬೇಕು ಎನ್ನುವುದು ನಿಮ್ಮ ಕೈಯಲ್ಲಿರಲಿ. ಎಷ್ಟು ಸಾಕು ಎನ್ನುವುದನ್ನು ಅವಳೇ ಹೇಳಲಿ. ತಟ್ಟೆ ಖಾಲಿ ಮಾಡೆಂದು ಒತ್ತಾಯಿಸಬೇಡಿ.

ಹೀಯಾಳಿಸಿದರೆ ಹಟ ಹುಟ್ಟಿ ತೂಕ ಇಳಿಯುತ್ತದೆ ಎನ್ನುವುದು ತಪ್ಪು ತಿಳಿವಳಿಕೆ. ಮೈಕಟ್ಟಿನ ಬಗ್ಗೆ ಹಂಗಿಸಿಕೊಂಡ ಮಕ್ಕಳು ಮುಂದೆ ಇನ್ನೂ ಹೆಚ್ಚು ತೂಕ ಪಡೆದದ್ದನ್ನು ಅಧ್ಯಯನಗಳು ತೋರಿಸಿವೆ. ಅವರು ಆಟದ ಮೈದಾನ ತಪ್ಪಿಸುತ್ತಾರೆ, ಕದ್ದು ತಿನ್ನಲು ಕಲಿಯುತ್ತಾರೆ. ಕುತ್ತಿಗೆಯ ಹಿಂಭಾಗ ಕಪ್ಪಾಗಿ ಮಖಮಲ್ಲಿನಂತೆ ದಪ್ಪಗಾಗಿದ್ದರೆ ಕೊಳೆಯೆಂದು ಗದರಿ ಉಜ್ಜಬೇಡಿ. ಅದು ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವ ಗುರುತಾಗಿರಬಹುದು. ಅದು ಕಂಡರೆ, ನಿದ್ದೆಯಲ್ಲಿ ಜೋರು ಗೊರಕೆ ಇದ್ದರೆ, ಅಥವಾ ಚುಕ್ಕೆ 27ರ ಗೆರೆ ದಾಟಿದ್ದರೆ ಮಕ್ಕಳ ವೈದ್ಯರ ಬಳಿ ಹೋಗಿ. ತೂಕದ ಚಿಂತೆಯನ್ನು ಮಗು ಹೊರಗಿರುವಾಗ ಹೇಳಿಕೊಳ್ಳಿ.

ಶಾಲೆಯಿಂದ ಬಂದವಳು ‘ಅಮ್ಮಾ, ನಾನು ದಪ್ಪ ಇದ್ದೀನಾ?’ ಎಂದು ಕೇಳಿಯೇ ಬಿಟ್ಟರೆ ‘ಛೇ, ಇಲ್ಲಪ್ಪಾ’ ಎಂದು ಹಾರಿಸಬೇಡಿ; ಸುಳ್ಳು ಅವಳಿಗೆ ಗೊತ್ತಾಗುತ್ತದೆ. ಯಾರು ಏನಂದರು ಎಂದು ಮೊದಲು ಕೇಳಿಸಿಕೊಳ್ಳಿ. ಆಮೇಲೆ, ‘ಹಾಗೆ ಅಂದದ್ದು ಅವರ ತಪ್ಪು. ನೀನಿನ್ನೂ ಬೆಳೀತಿದ್ದೀಯ. ಗಟ್ಟಿಯಾಗಿ ಬೆಳೆಯೋಕೆ ಏನು ಬೇಕೋ ಅದನ್ನ ನಾವೆಲ್ಲ ಸೇರಿ ಮಾಡೋಣ’ ಎನ್ನಿ.